ಪ್ರಾರ್ಥನಾ ಸಭೆಯಲ್ಲಿ ಹಳೆ ಸೆಲ್ಲಿನ ಬಗ್ಗೆ ಮೂರು ನಿಮಿಷ: ಪದೇ ಪದೇ ಕೇಳುವ ಪ್ರಶ್ನೆಗಳು

ಬಳಸಿದ ಸೆಲ್ಲನ್ನು ಮನೆಯ ಕಸಕ್ಕೆ ಏಕೆ ಹಾಕಬಾರದು ಎಂದು ಶಾಲೆಯಲ್ಲಿ ಮಾತಾಡಲು ಹೊರಟ ಮಕ್ಕಳು, ಅವರಿಗೆ ಭಾಷಣ ಬರೆದುಕೊಡುವ ಅಪ್ಪ ಅಮ್ಮ, ಕೊನೇ ಗಳಿಗೆಯಲ್ಲಿ ತಿದ್ದುವ ಮೇಷ್ಟ್ರು ಮತ್ತು ಟೀಚರ್‌ಗಳು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇವೆ. ಸುಲಭದವು ಮೊದಲು, ತಲೆ ಕೆಡಿಸುವವು ಆಮೇಲೆ. ಬರೆದ ಭಾಷಣವೇ ಬೇಕಿದ್ದವರು ನೇರ ಎರಡನೇ ಭಾಗಕ್ಕೆ ಹೋಗಬಹುದು.

## ಮೊದಲ ಪ್ರಶ್ನೆಗಳು

ಮೂರು ನಿಮಿಷದಲ್ಲಿ ಎಷ್ಟು ಹೇಳೋಕಾಗುತ್ತೆ?

ಮೈಕಿನ ಮುಂದೆ ಮಕ್ಕಳು ಸ್ಪಷ್ಟವಾಗಿ ಮಾತಾಡಿದರೆ ನಿಮಿಷಕ್ಕೆ ಎಂಬತ್ತು ತೊಂಬತ್ತು ಪದ ಆಗುತ್ತದೆ. ಅಂದರೆ ಒಟ್ಟು ಇನ್ನೂರೈವತ್ತು ಪದ, ನೋಟ್‌ಬುಕ್ಕಿನ ಒಂದೂವರೆ ಪುಟ. ಅಷ್ಟರಲ್ಲಿ ಪಾದರಸ, ಸೀಸ, ಕ್ಯಾನ್ಸರ್, ಭೂಮಿತಾಯಿ ಎಲ್ಲವನ್ನೂ ತುರುಕಿದರೆ ಕೇಳುವವರ ಕೈಗೆ ಏನೂ ಸಿಗುವುದಿಲ್ಲ. ನಮ್ಮ ಸಲಹೆ: ಮನೆಯಲ್ಲೇ ಸಿಗುವ ಮೂರು ಸೆಲ್ಲು ಆರಿಸಿಕೊಳ್ಳಿ. ಗೋಡೆ ಗಡಿಯಾರದ್ದು, ಆಟಿಕೆ ಅಥವಾ ರಿಮೋಟಿನ ಬಟನ್ ಸೆಲ್ಲು, ಮೊಬೈಲಿನದು. ಮೂರೂ ಕಸದಲ್ಲಿ ಬೇರೆ ಬೇರೆ ರೀತಿ ಕೆಡುಕು ಮಾಡುತ್ತವೆ. ಮೊದಲನೆಯದು ಸೋರುತ್ತದೆ, ಎರಡನೆಯದು ಮಗುವಿನ ಬಾಯಿಗೆ ಹೋಗುತ್ತದೆ, ಮೂರನೆಯದು ಹೊತ್ತಿಕೊಳ್ಳುತ್ತದೆ. ಈ ಮೂರು ಕ್ರಿಯಾಪದ ನೆನಪಿದ್ದರೆ ಚೀಟಿ ಮರೆತರೂ ಮಾತು ನಿಲ್ಲುವುದಿಲ್ಲ.

ಸೆಲ್ಲು ಖಾಲಿಯಾದ ಮೇಲೆ ಅದರಲ್ಲಿ ಇನ್ನೇನು ಉಳಿದಿರುತ್ತೆ? ಸತ್ತೋಗಿರುತ್ತಲ್ಲ?

ಸತ್ತಿರುವುದಿಲ್ಲ. ಹೊಸ ಸಾಮಾನ್ಯ ಸೆಲ್ಲು ಒಂದೂವರೆ ವೋಲ್ಟಿನದು. ಆಟದ ಕಾರು ಓಡುವುದನ್ನು ನಿಲ್ಲಿಸಿದಾಗ ಅದೇ ಸೆಲ್ಲನ್ನು ಮಲ್ಟಿಮೀಟರಿಗೆ ಹಿಡಿದರೆ ಸಾಮಾನ್ಯವಾಗಿ 1.1 ಅಥವಾ 1.2 ವೋಲ್ಟ್ ತೋರಿಸುತ್ತದೆ. ಮೋಟಾರಿಗೆ ಬೇಕಾದಷ್ಟು ಕರೆಂಟು ಒಟ್ಟಿಗೆ ಕೊಡುವ ಶಕ್ತಿ ಹೋಗಿದೆ ಅಷ್ಟೆ. ಗೋಡೆ ಗಡಿಯಾರಕ್ಕೆ ಬೇಕಾಗುವುದು ತೀರಾ ಕಡಿಮೆ, ಹಾಗಾಗಿ ಆ ಸೆಲ್ಲು ಅಲ್ಲಿ ಇನ್ನಷ್ಟು ಕಾಲ ದುಡಿಯುತ್ತದೆ. ಆದರೆ ಗಡಿಯಾರ ನಿಂತ ದಿನವೇ ಅದನ್ನು ತೆಗೆಯಬೇಕು, ಬಿಟ್ಟರೆ ಸೋರಿ ಗಡಿಯಾರವನ್ನೂ ಕೆಡಿಸುತ್ತದೆ.

ಮೊಬೈಲಿನ ಸೆಲ್ಲಿನದು ಇನ್ನೂ ದೊಡ್ಡ ಮಾತು. ಪೂರ್ತಿ ಚಾರ್ಜಾದಾಗ ಸುಮಾರು 4.2 ವೋಲ್ಟ್ ಇರುತ್ತದೆ, ಚಾರ್ಜು ಮುಗಿದು ಮೊಬೈಲು ತಾನಾಗಿ ಆಫ್ ಆದಾಗಲೂ 3 ವೋಲ್ಟಿನ ಆಸುಪಾಸು ಉಳಿದಿರುತ್ತದೆ. ಒಳಗಿನ ಲೋಹಗಳಂತೂ ಎಲ್ಲಿಗೂ ಹೋಗಿರುವುದಿಲ್ಲ. ಸತು ಆಕ್ಸೈಡ್ ಆಗಿ ರೂಪ ಬದಲಿಸಿರುತ್ತದೆ, ತೂಕಕ್ಕೆ ಅಷ್ಟೇ ಇರುತ್ತದೆ.

ಸೆಲ್ಲಿನ ಮೇಲೆ ಕಸದ ಡಬ್ಬಿಗೆ ಗೀಟು ಹಾಕಿದ ಚಿತ್ರ ಇರುತ್ತಲ್ಲ, ಅದೇನು?

ಚಕ್ರದ ಕಸದ ಡಬ್ಬಿಯ ಮೇಲೆ ಅಡ್ಡಗೀಟು ಇದ್ದರೆ "ಮನೆ ಕಸದ ಜೊತೆ ಬೇಡ, ಬೇರೆಯಾಗಿ ಕೊಡಿ" ಎಂದರ್ಥ. ಚಿತ್ರದ ಕೆಳಗೆ Cd, Pb ಅಥವಾ Hg ಎಂದಿದ್ದರೆ ಕ್ರಮವಾಗಿ ಕ್ಯಾಡ್ಮಿಯಂ, ಸೀಸ, ಪಾದರಸ ಇದೆ ಎಂದು. ಭಾಷಣಕ್ಕೆ ಈ ಚಿತ್ರವನ್ನು ರಟ್ಟಿನ ಮೇಲೆ ಒಂದು ಮೊಳ ಅಗಲ ಬರೆದುಕೊಂಡು ಹೋಗಿ. ಸೆಲ್ಲಿನ ಮೇಲಿನ ಚಿತ್ರ ಮೊದಲ ಸಾಲಿನವರಿಗೂ ಕಾಣುವುದಿಲ್ಲ.

ಇದಕ್ಕೆ ಕಾನೂನು ಇದೆಯಾ, ಅಥವಾ ಒಳ್ಳೆ ಅಭ್ಯಾಸ ಅಷ್ಟೇನಾ?

ಕಾನೂನೇ ಇದೆ. ಕೇಂದ್ರ ಸರ್ಕಾರದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು 2022ರ ಆಗಸ್ಟ್‌ನಲ್ಲಿ ಬಂದವು. 2001ರ ಹಳೆಯ ನಿಯಮ ಸೀಸದ ದೊಡ್ಡ ಬ್ಯಾಟರಿಗಳಿಗೆ ಮಾತ್ರ ಇತ್ತು. ಹೊಸದರಲ್ಲಿ ಗಡಿಯಾರದ ಸೆಲ್ಲಿನಿಂದ ವಿದ್ಯುತ್ ವಾಹನದ ಬ್ಯಾಟರಿವರೆಗೆ ಎಲ್ಲವೂ ಸೇರಿದೆ. ಹಳೆ ಸೆಲ್ಲನ್ನು ಮನೆಯ ಬೇರೆ ಕಸದಿಂದ ಪ್ರತ್ಯೇಕವಾಗಿ ಹಾಕುವುದು ಬಳಕೆದಾರರ ಹೊಣೆ, ವಾಪಸು ಸಂಗ್ರಹಿಸಿ ಮರುಬಳಕೆಗೆ ಒದಗಿಸುವುದು ತಯಾರಕರ ಮತ್ತು ಆಮದುದಾರರ ಹೊಣೆ. ಭಾಷಣದಲ್ಲಿ ಇದಕ್ಕೆ ಒಂದು ವಾಕ್ಯ ಸಾಕು. ಕಾನೂನಿನ ಹೆಸರು ಕೇಳಿದ ಕೂಡಲೇ ಹಿಂದಿನ ಸಾಲು ಗುಸುಗುಸು ಶುರುಮಾಡುತ್ತದೆ.

## ಭಾಷಣ ಮತ್ತು ತಯಾರಿ

ಬರೆದಿರೋ ಭಾಷಣ ಒಂದು ಕೊಡಿ, ಹಾಗೇ ಓದೋ ಥರ ಇರಲಿ

ಆರರಿಂದ ಒಂಬತ್ತನೇ ತರಗತಿಯವರಿಗೆ ಒಗ್ಗುವಂತೆ ಬರೆದಿದ್ದೇವೆ. ನಿಮ್ಮೂರಿನ ವಿವರ ಸೇರಿಸಿಕೊಳ್ಳಿ.

> ಮುಖ್ಯೋಪಾಧ್ಯಾಯರಿಗೆ, ಗುರುಗಳಿಗೆ, ನನ್ನ ಗೆಳೆಯ ಗೆಳತಿಯರಿಗೆ ನಮಸ್ಕಾರ.
>
> ನನ್ನ ಕೈಯಲ್ಲಿರುವ ಈ ಡಬ್ಬಿಯಲ್ಲಿ ಮೂರು ಸೆಲ್ಲುಗಳಿವೆ. ಮೂರೂ ಕೆಲಸ ಮುಗಿಸಿದವು. ಇವನ್ನು ಕಸದ ಬುಟ್ಟಿಗೆ ಹಾಕಿದರೆ ಏನಾಗುತ್ತದೆ ನೋಡೋಣ.
>
> ಮೊದಲನೆಯದು ಗಡಿಯಾರದ ಸೆಲ್ಲು. ಇದರ ಹೊರ ಡಬ್ಬಿ ಸತುವಿನದು. ಕರೆಂಟು ಕೊಡುವಾಗ ಕರಗುವುದೂ ಅದೇ ಸತು. ಸೆಲ್ಲು ಹಳೆಯದಾದಂತೆ ಡಬ್ಬಿ ತೆಳುವಾಗಿ, ತೂತಾಗಿ, ಒಳಗಿನ ಅಂಟು ಹೊರಗೆ ಬರುತ್ತದೆ. ಅದು ತರಕಾರಿ ಸಿಪ್ಪೆಯ ಜೊತೆ ತಿಪ್ಪೆಗೆ ಹೋದರೆ, ತಿಪ್ಪೆಯಿಂದ ಗೊಬ್ಬರವಾಗಿ ಹೊಲಕ್ಕೆ ಹೋಗುತ್ತದೆ.
>
> ಎರಡನೆಯದು ಬಟನ್ ಸೆಲ್ಲು. ಒಂದು ರೂಪಾಯಿ ನಾಣ್ಯದಷ್ಟು. ಬುಟ್ಟಿಯ ಮೇಲೆ ಹೊಳೆಯುತ್ತಾ ಬಿದ್ದಿದ್ದರೆ ನಮ್ಮ ಪುಟ್ಟ ತಂಗಿ ಅದನ್ನು ಬಾಯಿಗೆ ಹಾಕಿಕೊಳ್ಳುತ್ತಾಳೆ. ಗಂಟಲಿನಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೆ ಅನ್ನನಾಳವನ್ನು ಸುಡಬಲ್ಲದು.
>
> ಮೂರನೆಯದು ಮೊಬೈಲ್ ಸೆಲ್ಲು. ಇದು ನಿಜವಾದದ್ದಲ್ಲ, ರಟ್ಟಿನದು. ನಿಜವಾದದ್ದನ್ನು ಹೀಗೆ ಡಬ್ಬಿಯಲ್ಲಿ ಹಾಕಿಕೊಂಡು ತರಬಾರದು. ಕಸದ ಲಾರಿ ಕಸವನ್ನು ಅದುಮುವಾಗ ಈ ಸೆಲ್ಲು ಮುರಿದರೆ ಬೆಂಕಿ ಹೊತ್ತುತ್ತದೆ. ಲಾರಿಯ ಹತ್ತಿರ ನಿಂತಿರುವವರು ನಮ್ಮ ಕಸ ತೆಗೆದುಕೊಂಡು ಹೋಗುವ ಅಕ್ಕ, ಅಣ್ಣ.
>
> ಹಳೆ ಸೆಲ್ಲನ್ನು ಬೇರೆಯಾಗಿ ಕೊಡಬೇಕು ಎಂದು 2022ರಿಂದ ಕಾನೂನೂ ಇದೆ. ಇವತ್ತು ಸಂಜೆ ಮನೆಯಲ್ಲಿ ಒಂದು ಒಣಗಿದ ಪ್ಲಾಸ್ಟಿಕ್ ಬಾಟಲಿ ಹುಡುಕಿ. ಪುಟ್ಟ ಮಕ್ಕಳ ಕೈಗೆ ಎಟುಕದಷ್ಟು ಎತ್ತರದಲ್ಲಿಡಿ. ಗಡಿಯಾರ, ರಿಮೋಟು, ಟಾರ್ಚಿನ ಹಳೆ ಸೆಲ್ಲನ್ನು ಅದಕ್ಕೆ ಹಾಕಿ. ಬಟನ್ ಸೆಲ್ಲಿಗೆ ಎರಡೂ ಕಡೆ ಟೇಪು ಅಂಟಿಸಿ ಹಾಕಿ. ಮೊಬೈಲ್ ಸೆಲ್ಲನ್ನು ಮಾತ್ರ ನೀವು ಮುಟ್ಟಬೇಡಿ, ದೊಡ್ಡವರಿಗೆ ಹೇಳಿ, ರಿಪೇರಿ ಅಂಗಡಿಗೆ ಕೊಡಿಸಿ. ಬಾಟಲಿ ತುಂಬಿದ ಮೇಲೆ ಎಲ್ಲಿಗೆ ಕೊಡಬೇಕು ಎಂದು ನಮ್ಮ ವಿಜ್ಞಾನ ಶಿಕ್ಷಕರು ನೋಟಿಸ್ ಬೋರ್ಡಿನಲ್ಲಿ ಹಾಕಿದ್ದಾರೆ. ನಮಸ್ಕಾರ.

ಕೊನೆಯ ವಾಕ್ಯ ನಿಜವಾಗಿರಬೇಕು. ಕೊಡುವ ಜಾಗ ಗೊತ್ತುಮಾಡದೆ ಸಂಗ್ರಹಿಸಲು ಹೇಳಿದರೆ ಮೂರು ತಿಂಗಳಲ್ಲಿ ಆ ಬಾಟಲಿಗಳೆಲ್ಲ ಕಸಕ್ಕೇ ಹೋಗುತ್ತವೆ.

ಸ್ಟೇಜ್ ಮೇಲೆ ಏನಾದ್ರೂ ಪ್ರಯೋಗ ಮಾಡಿ ತೋರಿಸಬಹುದಾ?

ಮಲ್ಟಿಮೀಟರಿನದು ಸಾಕು. ಆಟಿಕೆಯಲ್ಲಿ ಕೆಲಸ ಮಾಡದ ಸೆಲ್ಲು ತನ್ನಿ, ಆಟಿಕೆಗೆ ಹಾಕಿ ಓಡುವುದಿಲ್ಲವೆಂದು ತೋರಿಸಿ, ಮೀಟರನ್ನು 20 ವೋಲ್ಟ್ ಡಿಸಿಗೆ ತಿರುಗಿಸಿ ಅಂಕಿ ಓದಿ ಹೇಳಿ. ಅರ್ಧ ನಿಮಿಷದ ಕೆಲಸ. ಸೋರಿದ ಸೆಲ್ಲು ತೋರಿಸಬೇಕಿದ್ದರೆ ಪಾರದರ್ಶಕ ಡಬ್ಬಿಯೊಳಗೇ ಇರಲಿ.

ಒಂಬತ್ತು ವೋಲ್ಟಿನ ಚೌಕ ಬ್ಯಾಟರಿಗೆ ಪಾತ್ರೆ ಉಜ್ಜುವ ಉಕ್ಕಿನ ನಾರು ತಾಗಿಸಿ ಬೆಂಕಿ ಹೊತ್ತಿಸುವ ವಿಡಿಯೊ ನೋಡಿ ಬಂದವರು ಅದನ್ನು ಮಾಡುತ್ತೇವೆ ಎನ್ನುತ್ತಾರೆ. ಬೇಡ. ಪ್ರಯೋಗ ಚೆನ್ನಾಗಿಯೇ ಆಗುತ್ತದೆ, ಸಮಸ್ಯೆ ಅದೇ: ಸಂಜೆ ಮನೆಗಳಲ್ಲಿ ಅದು ಮತ್ತೆ ನಡೆಯುತ್ತದೆ. ಸೆಲ್ಲು ಕುಯ್ಯುವುದು, ಸುಡುವುದು, ಮೊಬೈಲ್ ಸೆಲ್ಲಿಗೆ ಮೊಳೆ ಹೊಡೆಯುವುದು ಯಾವ ಕಾರಣಕ್ಕೂ ಬೇಡ.

ಒಂದು ಸೆಲ್ಲು ಲಕ್ಷಾಂತರ ಲೀಟರ್ ನೀರು ಹಾಳುಮಾಡುತ್ತೆ ಅಂತ ಹೇಳಬಹುದಾ? ಮಿನಮಾಟಾ ಕಥೆ?

ಎರಡೂ ಬಿಡಿ. ಲಕ್ಷ ಲೀಟರಿನ ಲೆಕ್ಕ ಯಾವ ಸೆಲ್ಲು, ಯಾವ ಲೋಹ ಎಂದು ಹೇಳದೆ ವಾಟ್ಸಾಪಿನಲ್ಲಿ ಸುತ್ತುತ್ತಿರುತ್ತದೆ. ಜಪಾನಿನ ಮಿನಮಾಟಾದಲ್ಲಿ 1956ರಲ್ಲಿ ಬೆಳಕಿಗೆ ಬಂದ ರೋಗಕ್ಕೆ ಕಾರಣ ಒಂದು ರಾಸಾಯನಿಕ ಕಾರ್ಖಾನೆ ಕೊಲ್ಲಿಗೆ ಬಿಟ್ಟ ಪಾದರಸ, ಮನೆಯ ಸೆಲ್ಲುಗಳಲ್ಲ. ಹಿಂದೆ ಸೆಲ್ಲುಗಳಲ್ಲಿ ಪಾದರಸ ಬೆರೆಸುತ್ತಿದ್ದದ್ದು ನಿಜ. ಇಂದಿನ ಹೆಸರಾಂತ ತಯಾರಕರ ಸಾಮಾನ್ಯ ಸೆಲ್ಲುಗಳಲ್ಲಿ ಅದನ್ನು ಸೇರಿಸುವುದಿಲ್ಲ. ಸಭೆಯಲ್ಲಿ ವಿಜ್ಞಾನದ ಮೇಷ್ಟ್ರು ಕೂತಿರುತ್ತಾರೆ. ತಪ್ಪು ಹೇಳಿ ಸಿಕ್ಕಿಬೀಳುವುದಕ್ಕಿಂತ ಸತುವಿನ ನಿಜವನ್ನೇ ಹೇಳಿ.

## ಮನೆಯಲ್ಲಿ, ಶಾಲೆಯಲ್ಲಿ ಕೂಡಿಡುವುದು

ಬಾಟಲಿಯಲ್ಲಿ ಯಾಕೆ, ಸ್ಟೀಲ್ ಡಬ್ಬಿ ಆಗಲ್ವಾ? ಟೇಪು ಯಾಕೆ?

ಸ್ಟೀಲ್ ಡಬ್ಬಿಯೇ ತಂತಿಯ ಕೆಲಸ ಮಾಡುತ್ತದೆ. ಒಂದು ಸೆಲ್ಲಿನ ಎರಡು ತುದಿಗಳೂ ಲೋಹಕ್ಕೆ ತಾಗಿದರೆ ಉಳಿದ ಶಕ್ತಿ ಒಮ್ಮೆಗೇ ಹರಿದು ಸೆಲ್ಲು ಬಿಸಿಯಾಗುತ್ತದೆ. ಪ್ಲಾಸ್ಟಿಕ್ ಬಾಟಲಿಯಲ್ಲಿ ಆ ದಾರಿ ಇಲ್ಲ, ಆದರೆ ಸೆಲ್ಲುಗಳು ಪರಸ್ಪರ ತಾಗಬಹುದು. ಹೆಚ್ಚು ಭಯ ಒಂಬತ್ತು ವೋಲ್ಟಿನ ಚೌಕ ಬ್ಯಾಟರಿಯದು, ಅದರ ಎರಡೂ ತುದಿ ಒಂದೇ ಕಡೆ ಅಕ್ಕಪಕ್ಕದಲ್ಲಿವೆ. ಬಟನ್ ಸೆಲ್ಲುಗಳು ಒಂದರ ಮೇಲೊಂದು ಕೂತುಬಿಡುತ್ತವೆ. ಇವೆರಡಕ್ಕೂ ಮಾಮೂಲಿ ಸೆಲೋಟೇಪ್ ಸುತ್ತಲೇಬೇಕು. ಗಡಿಯಾರದ ಸೆಲ್ಲಿಗೆ ಸುತ್ತಿದರೆ ಒಳ್ಳೆಯದು, ಸುತ್ತದಿದ್ದರೂ ದೊಡ್ಡ ಅನಾಹುತವಿಲ್ಲ.

ಮುಚ್ಚಳವನ್ನು ಬಿಗಿ ಮಾಡಬೇಡಿ. ಹಳೆ ಸೆಲ್ಲಿನ ಸತು ನಿಧಾನವಾಗಿ ಹೈಡ್ರೋಜನ್ ಬಿಡುತ್ತದೆ, ಹೋಗಲು ಜಾಗ ಬೇಕು. ನೀರಿನ ಪಸೆ ಇರಬಾರದು. ಶಾಲೆಯಲ್ಲಿ ಐದು ಲೀಟರಿನ ಒಂದು ಕ್ಯಾನು ಸಾಕು, ಅದು ತುಂಬಿದ ಕೂಡಲೇ ಸಾಗಿಸಬೇಕು. ಬಿಸಿಯೂಟದ ಉಗ್ರಾಣ, ಪ್ರಯೋಗಾಲಯದ ಕಪಾಟು, ಬಿಸಿಲು ಬೀಳುವ ಕಿಟಕಿ ಈ ಮೂರೂ ಬೇಡ.

ಉಬ್ಬಿದ ಮೊಬೈಲ್ ಬ್ಯಾಟರಿ ತಂದುಬಿಟ್ಟಿದ್ದಾರೆ, ಏನ್ ಮಾಡೋದು?

ಬೇರೆ ಸೆಲ್ಲುಗಳ ಜೊತೆ ಸೇರಿಸಬೇಡಿ. ಚುಚ್ಚಬೇಡಿ, ಒತ್ತಿ ಚಪ್ಪಟೆ ಮಾಡಬೇಡಿ, ಚಾರ್ಜಿಗಂತೂ ಹಾಕಲೇಬೇಡಿ. ತುದಿಗಳಿಗೆ ಟೇಪು ಅಂಟಿಸಿ, ಒಂದು ಡಬ್ಬಿಯಲ್ಲಿ ಒಣ ಮರಳು ಹಾಕಿ ಅದರ ನಡುವೆ ಇಟ್ಟು, ಕಟ್ಟಡದ ಹೊರಗೆ ನೆರಳಿನಲ್ಲಿಡಿ. ಮುಚ್ಚಳ ಸುಮ್ಮನೆ ಮೇಲಿರಲಿ. ಅದೇ ದಿನ ಶಿಕ್ಷಕರೊಬ್ಬರು ಮೊಬೈಲ್ ಸರ್ವಿಸ್ ಸೆಂಟರಿಗೆ ತಲುಪಿಸಲಿ. ಹಿಸ್ಸೆಂಬ ಸದ್ದು, ಸಿಹಿಯಾದ ದ್ರಾವಕದ ವಾಸನೆ, ಬಿಸಿ ಇದ್ದರೆ ಯಾರೂ ಮುಟ್ಟದೆ ದೂರ ನಿಂತು ಅಗ್ನಿಶಾಮಕದ 112ಕ್ಕೆ ಫೋನು ಮಾಡಬೇಕು.

ಹೀಗಾಗುವುದೇಕೆಂದರೆ, ಒಳಗಿನ ಎರಡು ಪದರಗಳ ಮಧ್ಯೆ ಕಾಗದಕ್ಕಿಂತ ತೆಳುವಾದ ಪ್ಲಾಸ್ಟಿಕ್ ಹಾಳೆ ಇದೆ. ಮುರಿದು ಅಥವಾ ಬಿಸಿಯಾಗಿ ಅದು ಹರಿದರೆ ಪದರಗಳು ಒಂದಕ್ಕೊಂದು ತಾಗಿ ಬಿಸಿ ಏರುತ್ತದೆ, ಏರಿದ ಬಿಸಿ ಉಳಿದ ಹಾಳೆಯನ್ನೂ ಕರಗಿಸುತ್ತದೆ. ಇದು ಶುರುವಾದ ಮೇಲೆ ತಾನಾಗಿ ನಿಲ್ಲುವುದಿಲ್ಲ.

ಮಗು ಬಟನ್ ಸೆಲ್ಲು ನುಂಗಿದೆ ಅಂತ ಅನುಮಾನ, ಕಾದು ನೋಡಬಹುದಾ?

ಕಾಯಬಾರದು. ಎಕ್ಸ್‌ರೇ ಇರುವ ಆಸ್ಪತ್ರೆಗೆ ಆ ಕೂಡಲೇ ಹೊರಡಿ, ವಾಂತಿ ಮಾಡಿಸಬೇಡಿ. ಹಳೆಯ ಸೆಲ್ಲಾದರೂ ಅಷ್ಟೆ. ಸುಡುವುದು ಸೋರಿದ ವಿಷವಲ್ಲ, ಒದ್ದೆ ಮಾಂಸದ ಮೂಲಕ ಹರಿಯುವ ಕರೆಂಟು. ಅದು ಋಣ ತುದಿಯ ಬಳಿ ಪ್ರಬಲ ಕ್ಷಾರವನ್ನು ಹುಟ್ಟಿಸುತ್ತದೆ. CR2032 ಎಂದು ಬರೆದಿರುವವು 20 ಮಿಲಿಮೀಟರ್ ಅಗಲ, ಮೂರು ವೋಲ್ಟು. ಪುಟ್ಟ ಮಕ್ಕಳ ಅನ್ನನಾಳದಲ್ಲಿ ಸಿಕ್ಕಿಕೊಳ್ಳುವ ಗಾತ್ರವೇ ಅದು. ಅದೇ ತರಹದ ಇನ್ನೊಂದು ಸೆಲ್ಲು ಅಥವಾ ಪೊಟ್ಟಣ ಮನೆಯಲ್ಲಿದ್ದರೆ ವೈದ್ಯರಿಗೆ ತೋರಿಸಲು ಜೊತೆಗೆ ಒಯ್ಯಿರಿ.

ಗುಜರಿಯವರಿಗೆ ಕೊಟ್ಟರೆ ಆಗಲ್ವಾ? ಇಲ್ಲಾಂದ್ರೆ ಎಲ್ಲಿಗೆ?

ಇನ್ವರ್ಟರ್, ಬೈಕಿನ ಬ್ಯಾಟರಿಗೆ ಒಳ್ಳೆ ಬೆಲೆ ಇದೆ, ಹೊಸದು ಕೊಳ್ಳುವಾಗ ಅಂಗಡಿಯವರೇ ಹಳೆಯದನ್ನು ತೆಗೆದುಕೊಂಡು ಹಣ ಕಳೆಯುತ್ತಾರೆ. ಗಡಿಯಾರದ ಸೆಲ್ಲಿಗೆ ಗುಜರಿಯಲ್ಲಿ ಬೆಲೆಯೇ ಇಲ್ಲವೆನ್ನಬಹುದು. ಕೊಟ್ಟರೂ ಕಬ್ಬಿಣದ ತಗಡು ಬಿಡಿಸಿಕೊಂಡು ಉಳಿದದ್ದನ್ನು ಎಸೆಯುವ ಸಾಧ್ಯತೆಯೇ ಹೆಚ್ಚು.

ನಗರದಲ್ಲಿದ್ದರೆ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಸಂಗ್ರಹ ಪೆಟ್ಟಿಗೆ, ಮೊಬೈಲ್ ಸರ್ವಿಸ್ ಸೆಂಟರ್, ವಾರ್ಡಿನ ಒಣ ತ್ಯಾಜ್ಯ ಸಂಗ್ರಹಣಾ ಕೇಂದ್ರ ಇವನ್ನು ವಿಚಾರಿಸಿ. ಹಳ್ಳಿಯಲ್ಲಿ ಗ್ರಾಮ ಪಂಚಾಯಿತಿಯ ಸ್ವಚ್ಛ ವಾಹಿನಿಯವರ ಕೈಗೆ ಪ್ರತ್ಯೇಕ ಚೀಲದಲ್ಲಿ, ಹೇಳಿ ಕೊಡಿ. ಕೊಡುವ ಮೊದಲು ಒಂದೇ ಪ್ರಶ್ನೆ ಕೇಳಿ: "ಇಲ್ಲಿಂದ ಯಾರಿಗೆ ಹೋಗುತ್ತೆ?" ನೋಂದಾಯಿತ ಮರುಬಳಕೆದಾರರ ಹೆಸರು ಹೇಳಿದರೆ ಸರಿ. ತಡಬಡಾಯಿಸಿದರೆ ಇನ್ನೊಂದು ಜಾಗ ನೋಡಿ. ಶಾಲೆಗೆ ಇನ್ನೊಂದು ದಾರಿಯಿದೆ. ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಜಿಲ್ಲಾ ಕಚೇರಿಗೆ ಮುಖ್ಯೋಪಾಧ್ಯಾಯರ ಸಹಿಯಲ್ಲಿ ಒಂದು ಪತ್ರ ಬರೆದು ಹತ್ತಿರದ ಮರುಬಳಕೆದಾರರ ವಿವರ ಕೇಳಬಹುದು.

## ತಿರುಗಿಸಿ ಕೇಳುವ ಪ್ರಶ್ನೆಗಳು

ಸತುವನ್ನ ರೈತರೇ ಗೊಬ್ಬರ ಅಂತ ಹಾಕ್ತಾರೆ. ಸೆಲ್ಲಿನ ಸತು ಹೊಲಕ್ಕೆ ಹೋದ್ರೆ ಒಳ್ಳೇದೇ ಅಲ್ವಾ?

ರೈತರ ಮಕ್ಕಳು ಕೇಳುವ ಈ ಪ್ರಶ್ನೆಗೆ ಸರಿಯಾದ ಉತ್ತರ ಸಿದ್ಧವಿರಬೇಕು. ಭತ್ತಕ್ಕೆ ಹೆಕ್ಟೇರಿಗೆ 25 ಕಿಲೊದಷ್ಟು ಜಿಂಕ್ ಸಲ್ಫೇಟ್ ಹಾಕುವುದುಂಟು. ಅದರಲ್ಲಿ ಸತುವಿನ ಪಾಲು ಶೇಕಡ 21, ಅಂದರೆ ಸುಮಾರು 5 ಕಿಲೊ. ಹೆಕ್ಟೇರೆಂದರೆ ಹತ್ತು ಸಾವಿರ ಚದರ ಮೀಟರು, ಹಾಗಾಗಿ ಒಂದು ಚದರ ಮೀಟರಿಗೆ ಬೀಳುವುದು ಅರ್ಧ ಗ್ರಾಮು. ಒಂದು ಗಡಿಯಾರದ ಸೆಲ್ಲಿನ ಸತುವನ್ನು 3 ಗ್ರಾಂ ಎಂದು ಹಿಡಿಯೋಣ. ಆರು ಚದರ ಮೀಟರಿನ ಪಾಲು ಒಂದೇ ಬೊಗಸೆ ಮಣ್ಣಿಗೆ ಬೀಳುತ್ತದೆ, ಅದೂ ಮ್ಯಾಂಗನೀಸ್, ಕ್ಲೋರೈಡ್ ಲವಣ, ತಗಡಿನ ಚೂರುಗಳ ಜೊತೆ. ಬೆಳೆಗೆ ಬೇಕಾದದ್ದು ಹರಡಿದ ಸತು.

ಒಂದೆರಡು ಸೆಲ್ಲಿಂದ ಅಷ್ಟು ದೊಡ್ಡ ಕಾಂಪೋಸ್ಟ್ ಗುಂಡಿ ಕೆಡುತ್ತಾ? ಲೆಕ್ಕ ಹಾಕಿ ತೋರಿಸಿ

ಯಾವ ಸೆಲ್ಲು ಎಂಬುದರ ಮೇಲಿದೆ. ನಗರದ ಕಸದಿಂದ ಮಾಡಿದ ಕಾಂಪೋಸ್ಟಿಗೆ ನಮ್ಮ ದೇಶದಲ್ಲಿ ಮಿತಿ ಇದೆ: ಒಂದು ಕಿಲೊದಲ್ಲಿ ಸತು 1000 ಮಿಲಿಗ್ರಾಂ ಮೀರಬಾರದು, ಕ್ಯಾಡ್ಮಿಯಂ 5 ಮಿಲಿಗ್ರಾಂ ಮೀರಬಾರದು.

ಗಡಿಯಾರದ ಸೆಲ್ಲಿನ 3 ಗ್ರಾಂ ಸತು ಎಂದರೆ 3000 ಮಿಲಿಗ್ರಾಂ. ಭಾಗಿಸಿದರೆ 3 ಕಿಲೊ ಗೊಬ್ಬರವನ್ನು ಮಿತಿಗೆ ತಂದು ನಿಲ್ಲಿಸಲು ಅಷ್ಟು ಸಾಕು. 300 ಕಿಲೊ ಗುಂಡಿಗೆ ಒಂದು ಸೆಲ್ಲು ಬಿದ್ದರೆ ಪೂರ್ತಿ ಗುಂಡಿ ಕೆಡುವುದಿಲ್ಲ. ಇದನ್ನು ಹಾಗೆಯೇ ಒಪ್ಪಿಕೊಂಡು ಹೇಳಿ.

ಈಗ ಹಳೆಯ ಕಾರ್ಡ್‌ಲೆಸ್ ಫೋನಿನ ನಿಕಲ್ ಕ್ಯಾಡ್ಮಿಯಂ ಸೆಲ್ಲು ತೆಗೆದುಕೊಳ್ಳಿ. ಅದರಲ್ಲಿಯೂ 3 ಗ್ರಾಂ ಕ್ಯಾಡ್ಮಿಯಂ ಎಂದಿಟ್ಟುಕೊಂಡರೆ, 3000ವನ್ನು 5ರಿಂದ ಭಾಗಿಸಿ: 600 ಕಿಲೊ. ಎರಡು ಗುಂಡಿಗಳ ಗೊಬ್ಬರಕ್ಕೆ ಒಂದೇ ಸೆಲ್ಲು ಸಾಕು. ಕ್ಯಾಡ್ಮಿಯಂ ಕೊಳೆಯುವುದಿಲ್ಲ, ಸೊಪ್ಪು ಮತ್ತು ಭತ್ತ ಅದನ್ನು ಬೇರಿನಿಂದ ಎಳೆದುಕೊಳ್ಳುತ್ತವೆ, ಮನುಷ್ಯನ ಮೂತ್ರಪಿಂಡದಲ್ಲಿ ದಶಕಗಳ ಕಾಲ ಉಳಿಯುತ್ತದೆ. Ni-Cd ಎಂದು ಬರೆದ ಸೆಲ್ಲು ಬಂದರೆ ಅದನ್ನು ಬೇರೆ ಪೊಟ್ಟಣದಲ್ಲಿಡಿ ಎನ್ನುವುದು ಇದಕ್ಕೇ.

ಬಚ್ಚಲ ಒಲೆಗೆ ಹಾಕಿ ಸುಟ್ಟುಬಿಟ್ರೆ ಮುಗೀತಲ್ಲ?

ಮುಚ್ಚಿದ ಡಬ್ಬಿಯೊಳಗಿನ ಪಸೆ ಆವಿಯಾಗಿ ಸೆಲ್ಲು ಸಿಡಿಯುತ್ತದೆ, ಒಲೆಯ ಮುಂದೆ ಕೂತವರ ಮುಖಕ್ಕೆ. ಸಿಡಿಯದಿದ್ದರೂ ಲೋಹ ಸುಟ್ಟು ಇಲ್ಲವಾಗುವುದಿಲ್ಲ. ಸ್ವಲ್ಪ ಹೊಗೆಯಲ್ಲಿ, ಉಳಿದದ್ದು ಬೂದಿಯಲ್ಲಿ. ಆ ಬೂದಿಯಲ್ಲೇ ಪಾತ್ರೆ ತಿಕ್ಕುವ ಮನೆಗಳು ಇನ್ನೂ ಇವೆ.

ಅಮೆರಿಕದಲ್ಲಿರೋ ನಮ್ಮ ಚಿಕ್ಕಪ್ಪ ಸಾಮಾನ್ಯ ಸೆಲ್ಲನ್ನ ಕಸಕ್ಕೇ ಹಾಕಬಹುದು ಅಂತಾರೆ. ಯಾರು ಸರಿ?

ಅಲ್ಲಿನ ಬಹುತೇಕ ಕಡೆ ಅವರು ಹೇಳುವುದು ಸರಿ, ಗಡಿಯಾರ ಮತ್ತು ರಿಮೋಟಿನ ಆಲ್ಕಲೈನ್ ಸೆಲ್ಲುಗಳ ಮಟ್ಟಿಗೆ. ಕ್ಯಾಲಿಫೋರ್ನಿಯಾದಲ್ಲಿ ಅದಕ್ಕೂ ಅವಕಾಶವಿಲ್ಲ. ಲಿಥಿಯಂ ಸೆಲ್ಲನ್ನು ಕಸಕ್ಕೆ ಹಾಕಬೇಡಿ ಎಂದು ಅಲ್ಲೂ ಹೇಳುತ್ತಾರೆ. ಅವರ ಕಸ ತಳಕ್ಕೆ ದಪ್ಪ ಹಾಳೆ ಹಾಸಿ, ಬಸಿಯುವ ನೀರನ್ನು ಹಿಡಿಯುವ ಗುಂಡಿಗೆ ಹೋಗುತ್ತದೆ. ನಮ್ಮಲ್ಲಿ ಅದೇ ಸೆಲ್ಲು ತಿಪ್ಪೆ, ಊರಾಚೆಯ ಹಳ್ಳ ಅಥವಾ ಕೈಯಿಂದ ಕಸ ಬೇರ್ಪಡಿಸುವ ಜಾಗಕ್ಕೆ ಹೋಗುವ ಸಾಧ್ಯತೆ ಹೆಚ್ಚು.

ಎಂಟನೇ ತರಗತಿ ವಿಜ್ಞಾನದಲ್ಲಿ ಹಳೆ ಸೆಲ್ಲಿಂದ ಕಾರ್ಬನ್ ಕಡ್ಡಿ ತೆಗೆಯಿರಿ ಅಂತಿತ್ತಲ್ಲ? ನೀವು ಒಡೀಬೇಡಿ ಅಂತೀರಿ

ವಿದ್ಯುತ್ತಿನ ರಾಸಾಯನಿಕ ಪರಿಣಾಮದ ಪಾಠದ ಚಟುವಟಿಕೆ ಅದು. ಕಡ್ಡಿ ಇರುವುದು ಸತು ಕಾರ್ಬನ್ ಸೆಲ್ಲಿನಲ್ಲಿ ಮಾತ್ರ. ಗುರುತು ಸೆಲ್ಲಿನ ಮೈಮೇಲಿದೆ: R6 ಅಥವಾ R20 ಎಂದಿದ್ದರೆ ಸತು ಕಾರ್ಬನ್. LR6 ಎಂದು ಮುಂದೆ L ಇದ್ದರೆ ಆಲ್ಕಲೈನ್, ಅದರೊಳಗೆ ಕಡ್ಡಿ ಇಲ್ಲ, ಚರ್ಮ ಮತ್ತು ಕಣ್ಣು ಸುಡುವ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಇದೆ. ಉದ್ದನೆಯ ಲಿಥಿಯಂ ಸೆಲ್ಲು ನೋಡಲು ಟಾರ್ಚಿನ ಸೆಲ್ಲಿನಂತೆಯೇ ಇರುತ್ತದೆ, ಒಡೆದರೆ ಬೆಂಕಿ. ಮಕ್ಕಳ ಗುಂಪಿನಲ್ಲಿ ಯಾರೋ ಒಬ್ಬರು ಗುರುತು ನೋಡದೆ ತಂದೇ ತರುತ್ತಾರೆ. ಆದ್ದರಿಂದ ಪ್ರಯೋಗಕ್ಕೆ ಎರಡೂ ತುದಿ ಕೆತ್ತಿದ ಎರಡು ಪೆನ್ಸಿಲ್ ಬಳಸಿ. ಒಳಗಿನ ಗ್ರಾಫೈಟ್ ಅದೇ ಕೆಲಸ ಮಾಡುತ್ತದೆ, ಗುಳ್ಳೆಗಳೂ ಬರುತ್ತವೆ. ಈಗಾಗಲೇ ಒಡೆದ ಸೆಲ್ಲಿನ ಕಪ್ಪು ಪುಡಿ ಮತ್ತು ಸತುವಿನ ತಗಡು ಇದ್ದರೆ, ಕಾಗದದಲ್ಲಿ ಕಟ್ಟಿ ಒಣ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಶಾಲೆಯ ಸಂಗ್ರಹದ ಕ್ಯಾನಿಗೇ ಸೇರಿಸಿ, ಕೈ ಸೋಪಿನಿಂದ ತೊಳೆಯಿರಿ. ಕಣ್ಣಿಗೆ ಹಾರಿದ್ದರೆ ಹದಿನೈದು ನಿಮಿಷ ಹರಿಯುವ ನೀರಿಗೆ ಹಿಡಿದು ವೈದ್ಯರಲ್ಲಿಗೆ ಹೋಗಬೇಕು.